ಗ್ಯಾಲಂಟಮಿನ್‌ನಿಂದ ಅಸಿಟೈಲ್‌ಕೋಲಿನೆಸ್ಟರೇಸ್ ಪ್ರತಿಬಂಧ: ಐಸಿ50 ಮತ್ತು ಅದರ 95% ವಿಶ್ವಾಸ ವ್ಯಾಪ್ತಿ

ವಿಧಾನ: ಚಟುವಟಿಕೆಯ ಮಾಪನ

ವಿದ್ಯುತ್ ಈಲ್ ಮೀನಿನ ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವದ ಚಟುವಟಿಕೆಯನ್ನು ಎಲ್‌ಮನ್ ವಿಧಾನದಿಂದ (1961) 96 ವೆಲ್‌ಗಳ ಪ್ಲೇಟಿನಲ್ಲಿ ಅಳೆದೆವು. ಪ್ರತಿ ವೆಲ್‌ನಲ್ಲಿ 200 ಮೈಕ್ರೋಲೀಟರ್ ಮಿಶ್ರಣವಿತ್ತು: 0.1 ಮೋಲಾರ್ ಫಾಸ್ಫೇಟ್ ಬಫರ್ (ಪಿಎಚ್ 8.0), 0.3 ಮಿಲಿಮೋಲಾರ್ ಡಿಟಿಎನ್‌ಬಿ, ಮಿಲಿಲೀಟರಿಗೆ 0.02 ಯೂನಿಟ್ ಕಿಣ್ವ. ಗ್ಯಾಲಂಟಮಿನ್ ಹೈಡ್ರೋಬ್ರೋಮೈಡ್ ನೀರಿನಲ್ಲೇ ಕರಗುವುದರಿಂದ ಡಿಎಂಎಸ್‌ಒ ಬಳಸಲಿಲ್ಲ. ಕಿಣ್ವ ಮತ್ತು ಪ್ರತಿಬಂಧಕವನ್ನು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಜೊತೆಗಿರಿಸಿ, ಬಳಿಕ 0.5 ಮಿಲಿಮೋಲಾರ್ ಅಸಿಟೈಲ್‌ಥಯೋಕೋಲಿನ್ ಅಯೊಡೈಡ್ ಸೇರಿಸಿ ಕ್ರಿಯೆ ಆರಂಭಿಸಿದೆವು. 412 ನ್ಯಾನೋಮೀಟರಿನಲ್ಲಿ 15 ಸೆಕೆಂಡಿಗೊಮ್ಮೆ ಬೆಳಕಿನ ಹೀರಿಕೆಯನ್ನು ದಾಖಲಿಸಿ, ಮೊದಲ 2 ನಿಮಿಷಗಳ ಸರಳರೇಖೆಯ ಇಳಿಜಾರನ್ನು ಆರಂಭಿಕ ವೇಗವಾಗಿ ತೆಗೆದುಕೊಂಡೆವು. ಈ ಅವಧಿಯಲ್ಲಿ ಪ್ರತಿಬಂಧಕವಿಲ್ಲದ ವೆಲ್‌ಗಳಲ್ಲಿಯೂ ಖರ್ಚಾದ ಸಬ್‌ಸ್ಟ್ರೇಟ್ 10 ಪ್ರತಿಶತಕ್ಕಿಂತ ಕಡಿಮೆ.

100 ಮೈಕ್ರೋಮೋಲಾರ್‌ನಿಂದ ಆರಂಭಿಸಿ ಮೂರು ಪಟ್ಟು ದುರ್ಬಲಗೊಳಿಸುತ್ತ 5.08 ನ್ಯಾನೋಮೋಲಾರ್‌ವರೆಗೆ 10 ಸಾರತೆಗಳನ್ನು ಸಿದ್ಧಪಡಿಸಿದೆವು. ಜೊತೆಗೆ ಪ್ರತಿಬಂಧಕವಿಲ್ಲದ ಶೂನ್ಯ ಸಾರತೆ. ಹಿಂದಿನ ಹಂತದ ದ್ರಾವಣ ತುದಿಗಂಟಿ ಮುಂದಿನದಕ್ಕೆ ಸಾಗಿದರೆ ಕಡಿಮೆ ಸಾರತೆಗಳೆಲ್ಲ ನಿಜಕ್ಕಿಂತ ಹೆಚ್ಚಾಗಿ, ಐಸಿ50 ತಪ್ಪಾಗಿ ಕಡಿಮೆ ಬರುತ್ತದೆ. ಹಾಗಾಗಿ ಪ್ರತಿ ಹಂತಕ್ಕೂ ಪಿಪೆಟ್ ತುದಿಯನ್ನು ಬದಲಿಸಿದೆವು. ಪ್ರತಿ ಸಾರತೆಗೆ ಮೂರು ವೆಲ್, ಅವುಗಳ ಸ್ಥಾನ ಯಾದೃಚ್ಛಿಕ. ಇಡೀ ಪ್ರಯೋಗವನ್ನು ನಾಲ್ಕು ಬೇರೆ ದಿನಗಳಲ್ಲಿ, ಪ್ರತಿ ಬಾರಿ ಹೊಸದಾಗಿ ತೂಗಿ ಮಾಡಿದ ಪ್ರತಿಬಂಧಕ ದ್ರಾವಣ ಮತ್ತು ಹೊಸದಾಗಿ ದುರ್ಬಲಗೊಳಿಸಿದ ಕಿಣ್ವದಿಂದ ನಡೆಸಿದೆವು. ಈ ಲೇಖನದಲ್ಲಿ n = 4 ಎಂದರೆ ಈ ನಾಲ್ಕು ಪ್ರಯೋಗಗಳು, ವೆಲ್‌ಗಳಲ್ಲ.

ಗ್ಯಾಲಂಟಮಿನ್ ಡಿಟಿಎನ್‌ಬಿಯ ಬಣ್ಣದ ಕ್ರಿಯೆಯನ್ನೇ ತಡೆದರೆ ಅದೂ ಪ್ರತಿಬಂಧದಂತೆ ಕಾಣುತ್ತದೆ. ಕಿಣ್ವದ ಬದಲು ಸಿಸ್ಟೀನ್ ಹಾಕಿ ಪರೀಕ್ಷಿಸಿದಾಗ 100 ಮೈಕ್ರೋಮೋಲಾರ್ ಗ್ಯಾಲಂಟಮಿನ್‌ನಿಂದ ಹೀರಿಕೆಯಲ್ಲಿ ಆದ ಬದಲಾವಣೆ 2 ಪ್ರತಿಶತಕ್ಕಿಂತ ಕಡಿಮೆ.

ವಿಧಾನ: ವಕ್ರರೇಖೆಯ ಹೊಂದಿಕೆ

ಕಿಣ್ವವಿಲ್ಲದ ವೆಲ್‌ಗಳ ವೇಗವನ್ನು ಕಳೆದು, ಆಯಾ ಪ್ಲೇಟಿನ ಪ್ರತಿಬಂಧಕರಹಿತ ವೆಲ್‌ಗಳ ಸರಾಸರಿಯನ್ನು 100 ಎಂದು ಪರಿಗಣಿಸಿ ಉಳಿಕೆ ಚಟುವಟಿಕೆಯನ್ನು (v) ಪ್ರತಿಶತದಲ್ಲಿ ಲೆಕ್ಕಹಾಕಿದೆವು. ಪ್ರತಿ ಪ್ರಯೋಗದ 11 ಸರಾಸರಿ ಬಿಂದುಗಳಿಗೆ ನಾಲ್ಕು ನಿಯತಾಂಕಗಳ ಲಾಜಿಸ್ಟಿಕ್ ಸಮೀಕರಣವನ್ನು ತೂಕವಿಲ್ಲದ ಕನಿಷ್ಠ ವರ್ಗ ವಿಧಾನದಿಂದ ಪ್ರತ್ಯೇಕವಾಗಿ ಹೊಂದಿಸಿದೆವು:

v = B + (T − B) / (1 + (C / IC50)^h)

ಇಲ್ಲಿ C ಪ್ರತಿಬಂಧಕದ ಸಾರತೆ, T ಮೇಲಿನ ಸಮತಟ್ಟು, B ಕೆಳಗಿನ ಸಮತಟ್ಟು, h ಹಿಲ್ ಇಳಿಜಾರು. ನಾವು ವರದಿ ಮಾಡುವುದು ಸಾಪೇಕ್ಷ ಐಸಿ50: ಎರಡು ಸಮತಟ್ಟುಗಳ ನಡುಮಧ್ಯದ ಸಾರತೆ. ನಾಲ್ಕೂ ನಿಯತಾಂಕಗಳನ್ನು ಮುಕ್ತವಾಗಿ ಬಿಟ್ಟೆವು. ನಿಯಂತ್ರಣ ವೆಲ್‌ಗಳಲ್ಲಿಯೂ ಮಾಪನದ ದೋಷ ಇದ್ದೇ ಇರುವುದರಿಂದ T ಅನ್ನು 100ಕ್ಕೆ ಕಟ್ಟಿಹಾಕಲಿಲ್ಲ. ಸಮೀಕರಣದಲ್ಲಿ C ನೇರವಾಗಿ ಬರುವುದರಿಂದ ಶೂನ್ಯ ಸಾರತೆಯ ಬಿಂದು ತನ್ನ ನಿಜವಾದ ಬೆಲೆಯಲ್ಲೇ ಲೆಕ್ಕಕ್ಕೆ ಸೇರಿತು. ಲಾಗರಿದಮ್‌ಗಾಗಿ ಅದಕ್ಕೊಂದು ಸಣ್ಣ ಸುಳ್ಳು ಸಾರತೆಯನ್ನು ಕೊಡಬೇಕಾಗಲಿಲ್ಲ. ಹುಡುಕಾಟವನ್ನು ಐಸಿ50ರ ಲಾಗ್ ಬೆಲೆಯ ಮೇಲೆ ನಡೆಸಿದೆವು, ಏಕೆಂದರೆ ಅದರ ಅನಿಶ್ಚಿತತೆ ಲಾಗ್ ಅಳತೆಯಲ್ಲಿ ಹೆಚ್ಚು ಸಮಮಿತವಾಗಿರುತ್ತದೆ. ಆರ್ 4.4.1ರಲ್ಲಿ ಬಳಸಿದ ಆದೇಶಗಳು:

```r
fit <- nls(v ~ B + (Top - B) / (1 + (C / 10^logIC)^h),
           data = d,
           start = list(B = 0, Top = 100, logIC = 0, h = 1))
10^confint(fit, "logIC")        # ಒಂದು ಪ್ರಯೋಗದ ವ್ಯಾಪ್ತಿ
10^t.test(logIC_all)$conf.int   # ನಾಲ್ಕು ಪ್ರಯೋಗಗಳ ವ್ಯಾಪ್ತಿ
```

ಒಂದೊಂದು ಪ್ರಯೋಗದ ವ್ಯಾಪ್ತಿ ಪ್ರೊಫೈಲ್ ವಿಧಾನದ್ದು. ಅಂತಿಮ ಐಸಿ50 ನಾಲ್ಕು ಲಾಗ್ ಬೆಲೆಗಳ ಸರಾಸರಿಯಿಂದ ಬಂದ ಗುಣೋತ್ತರ ಸರಾಸರಿ, ಅದರ ವ್ಯಾಪ್ತಿಗೆ 3 ಸ್ವಾತಂತ್ರ್ಯ ಮಟ್ಟಗಳ ಟಿ ಬೆಲೆಯನ್ನು (3.182) ಬಳಸಿದೆವು. ಪ್ರತಿಬಂಧಕರಹಿತ ವೆಲ್‌ಗಳ ವೇಗದ ವ್ಯತ್ಯಯ ಗುಣಾಂಕ 10 ಪ್ರತಿಶತ ಮೀರಿದ ಪ್ಲೇಟನ್ನು ಕೈಬಿಡಬೇಕೆಂದು ಮೊದಲೇ ನಿರ್ಧರಿಸಿದ್ದೆವು. ಯಾವ ಪ್ಲೇಟೂ ಆ ಮಿತಿ ದಾಟಲಿಲ್ಲ.

ಫಲಿತಾಂಶ

ಗ್ಯಾಲಂಟಮಿನ್‌ನ ಐಸಿ50 0.81 ಮೈಕ್ರೋಮೋಲಾರ್ (95% ವಿಶ್ವಾಸ ವ್ಯಾಪ್ತಿ 0.64–1.01; n = 4). ಮೋಲಾರ್ ಏಕಮಾನದಲ್ಲಿ ಋಣ ಲಾಗ್ ಬೆಲೆ 6.09 (5.99–6.19). ಹಿಲ್ ಇಳಿಜಾರು 0.99 (0.92–1.06).

| ಪ್ರಯೋಗ | ಐಸಿ50, ಮೈಕ್ರೋಮೋಲಾರ್ (95% ಪ್ರೊಫೈಲ್ ವ್ಯಾಪ್ತಿ) | h | T, % | B, % |
|---|---|---|---|---|
| 1 | 0.74 (0.68–0.81) | 0.97 | 99.1 | 2.1 |
| 2 | 0.89 (0.81–0.98) | 1.04 | 100.8 | 1.4 |
| 3 | 0.69 (0.63–0.75) | 0.94 | 101.5 | 3.0 |
| 4 | 0.93 (0.85–1.02) | 1.01 | 98.9 | 1.8 |

ಕೋಷ್ಟಕ 1. ಪ್ರತಿ ಪ್ರಯೋಗದ ಹೊಂದಿಕೆಯ ನಿಯತಾಂಕಗಳು (11 ಬಿಂದು, 7 ಸ್ವಾತಂತ್ರ್ಯ ಮಟ್ಟ).

ಪ್ರಯೋಗ 3 ಮತ್ತು 4ರ ವ್ಯಾಪ್ತಿಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಒಂದು ದಿನದೊಳಗಿನ ವಕ್ರರೇಖೆ ಎಷ್ಟೇ ನುಣುಪಾಗಿದ್ದರೂ ದ್ರಾವಣದ ತೂಕ, ಕಿಣ್ವದ ಸ್ಥಿತಿ ಮುಂತಾದ ದಿನದಿಂದ ದಿನಕ್ಕೆ ಬದಲಾಗುವ ಕಾರಣಗಳು ಅದರೊಳಗೆ ಕಾಣುವುದಿಲ್ಲ. ಎಲ್ಲ 44 ಬಿಂದುಗಳನ್ನೂ ಸ್ವತಂತ್ರವೆಂದು ಭಾವಿಸಿ ಒಂದೇ ರೇಖೆ ಹೊಂದಿಸಿದರೆ ವ್ಯಾಪ್ತಿ 0.76–0.86ಕ್ಕೆ ಕುಗ್ಗುತ್ತದೆ: ಲಾಗ್ ಅಳತೆಯಲ್ಲಿ ಮೇಲೆ ವರದಿ ಮಾಡಿದ್ದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆ ಕಿರಿದಾದ ವ್ಯಾಪ್ತಿಯನ್ನು ನಾವು ಒಪ್ಪುವುದಿಲ್ಲ. ಅದು ಪ್ರಯೋಗವನ್ನು ಮತ್ತೊಮ್ಮೆ ಮಾಡಿದರೆ ಏನು ಬರಬಹುದೆಂಬ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಎರಡೂ ಸಮತಟ್ಟುಗಳು ದತ್ತಾಂಶದೊಳಗೇ ಸಿಕ್ಕಿವೆ: ಅತಿ ಹೆಚ್ಚಿನ ಸಾರತೆ ಐಸಿ50ರ ಸುಮಾರು 120 ಪಟ್ಟು, ಅತಿ ಕಡಿಮೆಯದು ಅದರ ನೂರೈವತ್ತನೇ ಒಂದು ಭಾಗಕ್ಕೂ ಕಡಿಮೆ. ಹೀಗಾಗಿ ಐಸಿ50 ಎಲ್ಲಿಯೂ ಅಳತೆಯ ಆಚೆಗೆ ಎಳೆದ ರೇಖೆಯನ್ನು ಅವಲಂಬಿಸಿಲ್ಲ. ಉಳಿಕೆ ದೋಷಗಳ ಪ್ರಮಾಣಿತ ವಿಚಲನೆ 1.0ರಿಂದ 1.4 ಪ್ರತಿಶತ; ಸಾರತೆಗೆದುರಾಗಿ ಅವುಗಳನ್ನು ಗುರುತಿಸಿದಾಗ ಬಾಗಿದ ವಿನ್ಯಾಸ ಕಾಣಲಿಲ್ಲ. ಅಸಮಮಿತಿಗಾಗಿ ಐದನೇ ನಿಯತಾಂಕ ಸೇರಿಸಿದಾಗ ನಾಲ್ಕೂ ಪ್ರಯೋಗಗಳಲ್ಲಿ ತಿದ್ದಿದ ಅಕೈಕೆ ಮಾನ ಹೆಚ್ಚಾಯಿತು, ಅಂದರೆ ಹೆಚ್ಚುವರಿ ನಿಯತಾಂಕಕ್ಕೆ ಆಧಾರವಿಲ್ಲ. R² ನಾಲ್ಕರಲ್ಲಿಯೂ 0.99 ಮೀರಿದೆ, ಆದರೆ ಐಸಿ50 ಎಷ್ಟು ಖಚಿತ ಎಂಬುದನ್ನು ಅದು ಹೇಳದ ಕಾರಣ ಅದನ್ನು ಸಾಕ್ಷಿಯಾಗಿ ಬಳಸಿಲ್ಲ.

ಮೂರು ವೆಲ್‌ಗಳ ನಡುವಿನ ವಿಚಲನೆ ಮೇಲಿನ ಸಮತಟ್ಟಿನಲ್ಲಿ 2.4, ಕೆಳಗಿನದರಲ್ಲಿ 1.1 ಪ್ರತಿಶತ ಇತ್ತು. ಈ ಅಸಮತೆಗೆಂದು 1/v ತೂಕ ಕೊಟ್ಟು ಮತ್ತೆ ಹೊಂದಿಸಿದಾಗ ಐಸಿ50 0.80 ಮೈಕ್ರೋಮೋಲಾರ್ ಬಂತು. ಚಟುವಟಿಕೆ ಸರಿಯಾಗಿ 50 ಪ್ರತಿಶತಕ್ಕೆ ಇಳಿಯುವ ಸಾರತೆ 0.84. ಪ್ರಯೋಗ 3ರ 33.3 ಮೈಕ್ರೋಮೋಲಾರ್‌ನ ಒಂದು ವೆಲ್‌ನಲ್ಲಿ ಗಾಳಿಗುಳ್ಳೆ ಇದ್ದುದರಿಂದ ಅದನ್ನು ಕೈಬಿಟ್ಟೆವು. ಸೇರಿಸಿದರೆ ಆ ಪ್ರಯೋಗದ ಐಸಿ50 0.69ರಿಂದ 0.70 ಆಗುತ್ತದೆ.

ಚಿತ್ರ 1. ಗ್ಯಾಲಂಟಮಿನ್ ಸಾರತೆ (ಲಾಗ್ ಅಕ್ಷ) ಮತ್ತು ಉಳಿಕೆ ಚಟುವಟಿಕೆ. ಬಿಂದುಗಳು ನಾಲ್ಕು ಪ್ರಯೋಗಗಳ ಸರಾಸರಿ, ಲಂಬ ಗೆರೆಗಳು ಪ್ರಮಾಣಿತ ವಿಚಲನೆ. ದಪ್ಪ ರೇಖೆಯನ್ನು ಸರಾಸರಿ ನಿಯತಾಂಕಗಳಿಂದ, ತೆಳು ರೇಖೆಗಳನ್ನು ಒಂದೊಂದು ಪ್ರಯೋಗದ ಹೊಂದಿಕೆಯಿಂದ ಎಳೆಯಲಾಗಿದೆ. ಶೂನ್ಯ ಸಾರತೆಯನ್ನು ಅಕ್ಷ ತುಂಡರಿಸಿ ಎಡಕ್ಕೆ ತೋರಿಸಿದೆ. ಅಡ್ಡ ಪಟ್ಟಿ ಐಸಿ50ರ 95% ವ್ಯಾಪ್ತಿ.

ಮಿತಿ

ಈ ಐಸಿ50 0.5 ಮಿಲಿಮೋಲಾರ್ ಸಬ್‌ಸ್ಟ್ರೇಟ್ ಮತ್ತು 15 ನಿಮಿಷಗಳ ಪೂರ್ವ ಸಂಪರ್ಕಕ್ಕೆ ಸೀಮಿತ. ಸಬ್‌ಸ್ಟ್ರೇಟ್ ಜೊತೆ ಸ್ಪರ್ಧಿಸುವ ಪ್ರತಿಬಂಧಕದಲ್ಲಿ ಸಬ್‌ಸ್ಟ್ರೇಟ್ ಹೆಚ್ಚಿದಂತೆ ಐಸಿ50 ಕೂಡ ಏರುತ್ತದೆ. ಹಿಲ್ ಇಳಿಜಾರು 1ರ ಹತ್ತಿರ ಇದ್ದ ಮಾತ್ರಕ್ಕೆ ಪ್ರತಿಬಂಧ ಸ್ಪರ್ಧಾತ್ಮಕವೆಂದು ತೀರ್ಮಾನಿಸಲಾಗದು. ಆದ್ದರಿಂದ ಇದನ್ನು ಚೆಂಗ್–ಪ್ರುಸಾಫ್ ಸಮೀಕರಣದಿಂದ ಪ್ರತಿಬಂಧ ಸ್ಥಿರಾಂಕಕ್ಕೆ ಪರಿವರ್ತಿಸಿಲ್ಲ. ಅದಕ್ಕೆ ಹಲವು ಸಬ್‌ಸ್ಟ್ರೇಟ್ ಸಾರತೆಗಳಲ್ಲಿ ವೇಗವನ್ನು ಅಳೆಯಬೇಕು. ವೆಲ್ ಮಟ್ಟದ ಎಲ್ಲ ವೇಗಗಳು, ಕೈಬಿಟ್ಟ ವೆಲ್ ಸಹಿತ, ಪೂರಕ ಕಡತದಲ್ಲಿವೆ.