ತಟಸ್ಥೀಕರಣ ಶಾಖದ ನಿನ್ನ ರಿಪೋರ್ಟ್ ಕುರಿತು

ಪ್ರಿಯ ಚೇತನ್,

ಎರಡನೇ ಸೆಮಿಸ್ಟರ್‌ನ ಮೂರನೇ ಪ್ರಯೋಗಕ್ಕೆ, ಅಂದರೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ತಟಸ್ಥೀಕರಣ ಶಾಖಕ್ಕೆ, ನೀನು ಕೊಟ್ಟ ಏಳು ಪುಟಗಳ ರಿಪೋರ್ಟನ್ನು ಎರಡು ಸಲ ಓದಿದೆ. ಮೊದಲ ಓದಿಗೆ ನಿನ್ನ ಉತ್ತರ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಎರಡನೇ ಸಲ ಪುಟಗಳನ್ನು ಬಿಡಿಸಿ ಮೇಜಿನ ಮೇಲೆ ಹರಡಿಕೊಂಡು, ಅಂಕಿಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿಕೊಂಡೆ. ನಿನ್ನ ಉತ್ತರ ಪ್ರತಿ ಮೋಲ್‌ಗೆ 26.75 kJ ಆಗುತ್ತದೆ. ನಿನ್ನವೇ ಅಂಕಿಗಳಿಂದ ಲೆಕ್ಕ ಮಾಡಿದರೆ 56.9 ಬರುತ್ತದೆ. ಪ್ರಯೋಗ ಕೆಟ್ಟಿಲ್ಲ, ಬೇಕಾದ ಪ್ರತಿ ಅಳತೆಯನ್ನೂ ನೀನು ತೆಗೆದಿದ್ದೀಯ. ಅವು ಒಂದನ್ನೊಂದು ನೋಡದ ಹಾಗೆ ಬೇರೆ ಬೇರೆ ಪುಟಗಳಲ್ಲಿ ಕೂತಿವೆ, ಅಷ್ಟೇ.

ಎಲ್ಲಿ ಏನಿದೆ ನೋಡು. ಫಲಿತಾಂಶ ಒಂದನೇ ಪುಟದಲ್ಲಿದೆ. ತಟಸ್ಥೀಕರಣದ ತಾಪಮಾನಗಳು ಮೂರನೇ ಪುಟದ ಅಂಚಿನಲ್ಲಿ, ಗ್ರಾಫ್ ನಾಲ್ಕರಲ್ಲಿ. ಸೋಡಿಯಂ ಹೈಡ್ರಾಕ್ಸೈಡ್‌ನ ಟೈಟ್ರೇಶನ್ ಐದರಲ್ಲಿ, ಅದೂ ತಲೆಬರಹವಿಲ್ಲದೆ. ಕ್ಯಾಲೊರಿಮೀಟರಿನ ಉಷ್ಣ ಸಾಮರ್ಥ್ಯ ಆರರಲ್ಲಿ. ಏಳನೆಯದರ ಕೊನೆಗೆ ಒಂದೇ ಸಾಲು: ‘ಫೀನಾಲ್ಫ್ಥಲೀನ್ ಹಾಕಿದಾಗ ಬಣ್ಣ ಬರಲಿಲ್ಲ’. ಲೆಕ್ಕವನ್ನು ಒಂದನೇ ಪುಟದಲ್ಲೇ ಮುಗಿಸಿಬಿಟ್ಟಿದ್ದರಿಂದ ಐದು, ಆರು, ಏಳನೇ ಪುಟಗಳು ಅದರೊಳಗೆ ಬರಲೇ ಇಲ್ಲ.

ನಿನ್ನ ಲೆಕ್ಕ ಹೀಗಿದೆ:

q = 100 × 4.18 × (32.6 − 26.2) = 2675.2 J
ಪ್ರತಿ ಮೋಲ್‌ಗೆ: 2675.2 ÷ 0.1 = 26752.00

ಕೊನೆಗೆ ಏಕಮಾನ ಇಲ್ಲ, ಋಣ ಚಿಹ್ನೆಯೂ ಇಲ್ಲ. ಥರ್ಮಾಮೀಟರ್ 0.1 ಡಿಗ್ರಿಯವರೆಗೆ ಮಾತ್ರ ಹೇಳುತ್ತದೆ, 6.4 ಎಂಬುದರಲ್ಲಿ ಎರಡೇ ಸಾರ್ಥಕ ಅಂಕಿಗಳಿವೆ. ಅದರಿಂದ ಹುಟ್ಟಿದ ಉತ್ತರಕ್ಕೆ ಏಳು ಅಂಕಿ ಹೇಗೆ ಬಂತು? ಕ್ಯಾಲ್ಕುಲೇಟರ್ ತೋರಿಸಿದ್ದನ್ನು ಹಾಗೇ ಇಳಿಸಬೇಡ.

ಇದಕ್ಕಿಂತ ದೊಡ್ಡ ತಪ್ಪು ಆ 100. ಆಮ್ಲ 100 ಮಿ.ಲೀ., ಪ್ರತ್ಯಾಮ್ಲ 100 ಮಿ.ಲೀ.; ಬಿಸಿಯಾದದ್ದು ಒಟ್ಟು 200 ಮಿ.ಲೀ. ಪಠ್ಯದಲ್ಲಿರುವ 57.3 kJ/molನ ಸುಮಾರು ಅರ್ಧ ಬಂದಾಗಲೇ ಎಲ್ಲೋ ಒಂದು ‘ಎರಡು’ ಬಿಟ್ಟುಹೋಗಿದೆ ಎಂಬ ಅನುಮಾನ ಬರಬೇಕಿತ್ತು. ನೀನು ಅದರ ಬದಲು ‘ದೋಷ 53.3%, ಕಾರಣ: ವಾತಾವರಣಕ್ಕೆ ಶಾಖ ನಷ್ಟ ಮತ್ತು ಮಾನವ ದೋಷ’ ಎಂದು ಬರೆದು ಮುಗಿಸಿದೆ. ಈ ವಾಕ್ಯವನ್ನು ನಿನ್ನ ಗ್ರಾಫೇ ಸುಳ್ಳು ಮಾಡುತ್ತದೆ. ಬೆರೆಸಿದ ಮೇಲೆ ತಾಪಮಾನ ನಿಮಿಷಕ್ಕೆ 0.1 ಡಿಗ್ರಿಯಂತೆ ಇಳಿದಿದೆ. ಅರ್ಧ ಶಾಖ ಹೊರಗೆ ಹೋಗಬೇಕಾದರೆ ಮೂರು ಡಿಗ್ರಿಗಿಂತ ಹೆಚ್ಚು ಇಳಿಯಬೇಕು. ಆ ವೇಗದಲ್ಲಿ ಅದಕ್ಕೆ ಅರ್ಧ ಗಂಟೆಗೂ ಮೇಲೆ ಬೇಕು. ನೀನು ಓದಿದ್ದು ಬರೀ ಐದು ನಿಮಿಷ. ಶಾಖ ನಷ್ಟ ಎಂದು ಬರೆಯುವ ಮೊದಲು ಎಷ್ಟು ನಷ್ಟ ಎಂದು ಎಣಿಸು. ‘ಮಾನವ ದೋಷ’ ಎಂಬ ಮಾತಂತೂ ರಿಪೋರ್ಟ್‌ನಲ್ಲಿ ಬೇಡವೇ ಬೇಡ. ಯಾವ ಅಳತೆ, ಎಷ್ಟು, ಯಾವ ಕಡೆಗೆ ಎಂದು ಹೇಳದ ದೋಷದಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ.

ಈಗ ತಾಪಮಾನಕ್ಕೆ ಬರೋಣ. ಕ್ಯಾಲೊರಿಮೀಟರಿನಲ್ಲಿದ್ದ ಆಮ್ಲ 26.2, ಬೀಕರಿನಲ್ಲಿದ್ದ ಸೋಡಿಯಂ ಹೈಡ್ರಾಕ್ಸೈಡ್ 26.8 ಡಿಗ್ರಿ ಎಂದು ಮೂರನೇ ಪುಟದಲ್ಲೇ ಬರೆದುಕೊಂಡಿದ್ದೀಯ. ಎರಡೂ ಸಮ ಗಾತ್ರವಾದ್ದರಿಂದ ಆರಂಭಿಕ ತಾಪಮಾನ ಸರಾಸರಿ, 26.5. ಆಮ್ಲದ್ದನ್ನು ಮಾತ್ರ ಹಿಡಿದರೆ, ಪ್ರತ್ಯಾಮ್ಲ ತನ್ನ ಜೊತೆಗೇ ತಂದ 0.3 ಡಿಗ್ರಿಯನ್ನು ಕ್ರಿಯೆಯ ಖಾತೆಗೆ ಜಮಾ ಮಾಡಿದ ಹಾಗಾಗುತ್ತದೆ.

ಅಂತಿಮ ತಾಪಮಾನಕ್ಕೆ ಅತಿ ಹೆಚ್ಚಿನ ಓದು 32.6 ಅನ್ನೇ ತೆಗೆದುಕೊಂಡಿದ್ದೀಯ. ಹಾಗಾದರೆ ಗ್ರಾಫ್ ಎಳೆದದ್ದು ಯಾಕೆ? ಮೂರನೇ ನಿಮಿಷಕ್ಕೆ ಬೆರೆಸಿದೆ. ನಾಲ್ಕರಿಂದ ಎಂಟನೇ ನಿಮಿಷದವರೆಗೆ 32.6, 32.5, 32.4, 32.3, 32.2. ಈ ಐದು ಬಿಂದುಗಳ ಮೇಲೆ ಸರಳರೇಖೆ ಎಳೆದು ಮೂರನೇ ನಿಮಿಷಕ್ಕೆ ಹಿಂದಕ್ಕೆ ಚಾಚಿದರೆ 32.7 ಸಿಗುತ್ತದೆ. ಬೆರೆಸಿದ ಕ್ಷಣದಲ್ಲೇ ಪೂರ್ತಿ ಶಾಖ ಹೊರಬಂದು ಹರಡಿದ್ದರೆ ಇರುತ್ತಿದ್ದ ತಾಪಮಾನ ಅದು. ನೀನು ನೆಪವಾಗಿ ಹೇಳಿದ ಶಾಖ ನಷ್ಟಕ್ಕೆ ಸರಿಯಾದ ಪರಿಹಾರವೂ ಇದೇ ರೇಖೆ. ನಿನ್ನ ಗ್ರಾಫಿನಲ್ಲಿ ಇದನ್ನು ಮಾಡಲು ಆಗುವುದಿಲ್ಲ ಎನ್ನುವುದೂ ನಿಜ: ನೆಟ್ಟಗಿನ ಅಕ್ಷವನ್ನು 0ದಿಂದ 100 ಡಿಗ್ರಿಯವರೆಗೆ ಎಳೆದಿದ್ದೀಯ, ಇಡೀ ಪ್ರಯೋಗ ಒಂದು ಬೆರಳಗಲದ ಪಟ್ಟಿಯಲ್ಲಿ ಅಡಗಿದೆ. 26ರಿಂದ 33 ಡಿಗ್ರಿ ಸಾಕು. ಅಕ್ಷಗಳಿಗೆ ಹೆಸರು, ಏಕಮಾನ, ಸ್ಕೇಲ್ ಬರೆ. ಚುಕ್ಕಿಗಳನ್ನು ಚೂಪಾದ ಪೆನ್ಸಿಲ್‌ನಿಂದ ಇಡು.

ಮೂರೂವರೆ ನಿಮಿಷದ ಓದನ್ನು ವೈಟ್ನರ್ ಹಾಕಿ ಮುಚ್ಚಿದ್ದೀಯ. ಹಾಳೆಯನ್ನು ಬೆಳಕಿಗೆ ಹಿಡಿದರೆ 32.1 ಎಂದು ಕಾಣುತ್ತದೆ. ಅದು ಮುಚ್ಚಿಡಬೇಕಾದ ಸಂಗತಿಯಲ್ಲ. ಸುರಿದ ತಕ್ಷಣ ದ್ರಾವಣ ಸರಿಯಾಗಿ ಕಲಕಿರುವುದಿಲ್ಲ, ಥರ್ಮಾಮೀಟರಿನ ಬಲ್ಬ್ ಬಿಸಿಯಾಗಲೂ ಹೊತ್ತು ಬೇಕು. ಮೊದಲ ಅರ್ಧ ನಿಮಿಷದ ಓದು ಕಡಿಮೆ ಬರುವುದು ಸಹಜ. ಕೋಷ್ಟಕದಲ್ಲಿ ಇಟ್ಟುಕೊ, ಗ್ರಾಫಿನಲ್ಲಿ ಗುರುತಿಸು, ರೇಖೆಗೆ ಮಾತ್ರ ಸೇರಿಸಬೇಡ, ಯಾಕೆ ಸೇರಿಸಿಲ್ಲವೆಂದು ಒಂದು ಸಾಲು ಬರೆ. ತಪ್ಪು ಬರೆದ ಅಂಕಿಯಿದ್ದರೂ ಅದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ರೆಕಾರ್ಡ್‌ನಲ್ಲಿ ವೈಟ್ನರ್‌ಗೆ ಜಾಗವಿಲ್ಲ.

ಆರನೇ ಪುಟದ ಕೆಲಸ ನನಗೆ ಇಷ್ಟವಾಯಿತು. 26.2 ಡಿಗ್ರಿಯ 100 ಮಿ.ಲೀ. ತಣ್ಣೀರಿಗೆ 46.0 ಡಿಗ್ರಿಯ 100 ಮಿ.ಲೀ. ಬಿಸಿನೀರು ಸೇರಿಸಿ 35.6 ಡಿಗ್ರಿ ಪಡೆದಿದ್ದೀಯ. ಬಿಸಿನೀರು ಕೊಟ್ಟದ್ದು 4347 J, ತಣ್ಣೀರು ಪಡೆದದ್ದು 3929 J, ಉಳಿದ 418 J ಕ್ಯಾಲೊರಿಮೀಟರಿಗೆ, 9.4 ಡಿಗ್ರಿಯಿಂದ ಭಾಗಿಸಿದರೆ 44.5. ಇಲ್ಲಿಯವರೆಗೆ ಸರಿ, ಏಕಮಾನ ಮಾತ್ರ J ಅಲ್ಲ, J/K. ಆಮೇಲೆ ಈ ಅಂಕಿಯನ್ನು ಎಲ್ಲೂ ಬಳಸಿಲ್ಲ! ಬಳಸುವಾಗ ಒಂದು ಎಚ್ಚರಿಕೆ: ಎರಡು ದೊಡ್ಡ ಅಂಕಿಗಳ ಸಣ್ಣ ವ್ಯತ್ಯಾಸದಿಂದ ಬಂದದ್ದು ಇದು. ಮಿಶ್ರಣದ ತಾಪಮಾನ 35.6ರ ಬದಲು 35.7 ಆಗಿದ್ದರೆ 44.5 ಹೋಗಿ ಸುಮಾರು 35 ಆಗುತ್ತದೆ. ಬಿಸಿನೀರು ಬೀಕರಿನಲ್ಲಿ ಕಾಯುತ್ತಿರುವಾಗ 0.2 ಡಿಗ್ರಿ ಆರಿದ್ದರೂ ಅಷ್ಟೇ ವ್ಯತ್ಯಾಸ. ಆದ್ದರಿಂದ ಬಿಸಿನೀರಿನ ತಾಪಮಾನವನ್ನು ಸುರಿಯುವ ಕ್ಷಣದಲ್ಲೇ ಓದಬೇಕು, ಇಲ್ಲಿಯೂ ನಿಮಿಷಕ್ಕೊಂದು ಓದು ತೆಗೆದು ರೇಖೆಯನ್ನು ಹಿಂದಕ್ಕೆ ಚಾಚಬೇಕು. ನೀನು ಒಂದೇ ಓದು ತೆಗೆದಿದ್ದೀಯ. ಒಟ್ಟು ಉಷ್ಣ ಸಾಮರ್ಥ್ಯ ಸುಮಾರು 880 J/K, ಅದರಲ್ಲಿ 9ರ ವ್ಯತ್ಯಾಸ ಎಂದರೆ ಅಂತಿಮ ಉತ್ತರಕ್ಕೆ ಸುಮಾರು 1%, ಹಾಗಾಗಿ ಈ ಸಲ ನಡೆಯುತ್ತದೆ.

ಐದನೇ ಪುಟ. ಸೋಡಿಯಂ ಹೈಡ್ರಾಕ್ಸೈಡ್ ಗಾಳಿಯ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೀರುತ್ತದೆ. 40 ಗ್ರಾಂ ತೂಗಿ ಒಂದು ಲೀಟರ್ ಮಾಡಿದ ಮಾತ್ರಕ್ಕೆ ಅದು 1.00 M ಆಗುವುದಿಲ್ಲ. ಅದಕ್ಕೇ ಹತ್ತು ಪಟ್ಟು ತೆಳುಮಾಡಿ ಆಕ್ಸಾಲಿಕ್ ಆಮ್ಲದ ಜೊತೆ ಟೈಟ್ರೇಟ್ ಮಾಡಿಸಿದ್ದು. 0.05 M ಆಕ್ಸಾಲಿಕ್ ಆಮ್ಲ 20.0 ಮಿ.ಲೀ.ಗೆ ನಿನಗೆ 20.8 ಮಿ.ಲೀ. ಬೇಕಾಯಿತು, ಮೂಲ ದ್ರಾವಣ 0.96 M. ಆಮ್ಲ 1.02 M ಬಂದಿದೆ. ಅಂದರೆ 0.102 ಮೋಲ್ ಆಮ್ಲಕ್ಕೆ ಸಿಕ್ಕಿದ್ದು 0.096 ಮೋಲ್ ಪ್ರತ್ಯಾಮ್ಲ. ಉಂಟಾದ ನೀರು 0.096 ಮೋಲ್, 0.1 ಅಲ್ಲ. ಏಳನೇ ಪುಟದ ಆ ಒಂಟಿ ಸಾಲು ಇದಕ್ಕೆ ಸಾಕ್ಷಿ: ಬಣ್ಣ ಬರಲಿಲ್ಲ ಎಂದರೆ ಆಮ್ಲ ಉಳಿದಿದೆ, ಪ್ರತ್ಯಾಮ್ಲ ಪೂರ್ತಿ ಮುಗಿದಿದೆ. ಅಷ್ಟು ಒಳ್ಳೆಯ ವೀಕ್ಷಣೆಯನ್ನು ಮೂಲೆಯಲ್ಲಿ ಬಿಟ್ಟಿದ್ದೀಯಲ್ಲ!

ಎಲ್ಲವನ್ನೂ ಸೇರಿಸಿದರೆ:

ΔT = 32.7 − 26.5 = 6.2 K
ಒಟ್ಟು ಉಷ್ಣ ಸಾಮರ್ಥ್ಯ = (200 × 4.18) + 44.5 = 880.5 J/K
q = 880.5 × 6.2 = 5459 J
ΔH = −5459 ÷ 0.096 = −56.9 kJ/mol

ಇದನ್ನು ನೋಡಿ 57.3ಕ್ಕೆ 0.7% ಮಾತ್ರ ವ್ಯತ್ಯಾಸ ಎಂದು ಹಿಗ್ಗಬೇಡ. ΔTಯಲ್ಲಿ 0.1 ಡಿಗ್ರಿ ಅನಿಶ್ಚಿತತೆ ಎಂದರೆ 1.6%. ಕ್ಯಾಲೊರಿಮೀಟರಿನದು 1%. ಗಾತ್ರವನ್ನು ಯಾವುದರಲ್ಲಿ ಅಳೆದೆ ಎಂದು ನೀನು ಬರೆದಿಲ್ಲ. ಅಳತೆ ಜಾಡಿಯಾದರೆ ಇನ್ನೊಂದು 1% ಸೇರಿಸು, 50 ಮಿ.ಲೀ. ಪಿಪೆಟ್ ಎರಡು ಸಲವಾದರೆ ಅದನ್ನು ಬಿಟ್ಟುಬಿಡಬಹುದು. ಹೀಗಾಗಿ ಉತ್ತರವನ್ನು −57 ± 1 kJ/mol ಎಂದು ಬರೆಯುವುದು ಪ್ರಾಮಾಣಿಕ. ಇದರ ಮೇಲೆ ಒಂದು ಊಹೆಯೂ ಇದೆ: ಬೆರೆತ ದ್ರಾವಣ ಸುಮಾರು 0.5 M ಉಪ್ಪುನೀರು, ಅದನ್ನು ನಾವು ಶುದ್ಧ ನೀರೆಂದು ಎಣಿಸಿದ್ದೇವೆ. ಉಪ್ಪುನೀರಿನ ಸಾಂದ್ರತೆ ಸ್ವಲ್ಪ ಹೆಚ್ಚು, ವಿಶಿಷ್ಟ ಉಷ್ಣ ಸ್ವಲ್ಪ ಕಡಿಮೆ, ಒಟ್ಟಿನಲ್ಲಿ ಮಿ.ಲೀ. ಲೆಕ್ಕದ ಉಷ್ಣ ಸಾಮರ್ಥ್ಯ ಸುಮಾರು 2% ಕಡಿಮೆ, ಉತ್ತರವೂ ಅಷ್ಟು ಕೆಳಗಿಳಿಯುತ್ತದೆ. ಅತಿ ತೆಳು ದ್ರಾವಣಕ್ಕೆ 25 ಡಿಗ್ರಿಯಲ್ಲಿ ಪ್ರಮಾಣಿತ ಉತ್ಪತ್ತಿ ಎಂಥಾಲ್ಪಿಗಳಿಂದ ಬರುವ ಬೆಲೆಯೇ −55.8, ಆದ್ದರಿಂದ 57.3 ಎಂಬ ಪಠ್ಯದ ಅಂಕಿಯ ದಶಮಾಂಶವನ್ನು ಬೆನ್ನಟ್ಟುವುದರಲ್ಲಿ ಅರ್ಥವಿಲ್ಲ.

ಮರಳಿ ಬರೆಯುವಾಗ ಉದ್ದೇಶ ಎರಡು ಸಾಲು ಸಾಕು. ವಿಧಾನವನ್ನು ಕೈಪಿಡಿಯಿಂದ ‘ತೆಗೆದುಕೊಳ್ಳಿ, ಸುರಿಯಿರಿ’ ಎಂದು ನಕಲು ಮಾಡಿದ್ದೀಯ. ನೀನು ಮಾಡಿದ್ದನ್ನು ‘ತೆಗೆದುಕೊಂಡೆ, ಸುರಿದೆ’ ಎಂದು ಬರೆ. ಕ್ಯಾಲೊರಿಮೀಟರ್ ಥರ್ಮಾಸ್ ಫ್ಲಾಸ್ಕೋ ಥರ್ಮಾಕೋಲ್ ಲೋಟವೋ, ಮುಚ್ಚಳ ಇತ್ತೋ ಇಲ್ಲವೋ, ಒಂದು ದ್ರಾವಣದಿಂದ ಇನ್ನೊಂದಕ್ಕೆ ಹೋಗುವಾಗ ಥರ್ಮಾಮೀಟರನ್ನು ತೊಳೆದು ಒರೆಸಿದೆಯೋ ಎಂಬುದೆಲ್ಲ ಅಲ್ಲಿ ಬರಬೇಕು. ಅನಂತರ ಮೂರು ಕೋಷ್ಟಕ, ಲೆಕ್ಕಕ್ಕೆ ಬೇಕಾದ ಕ್ರಮದಲ್ಲೇ: ಮೊದಲು ಟೈಟ್ರೇಶನ್, ಆಮೇಲೆ ಕ್ಯಾಲೊರಿಮೀಟರಿನ ಉಷ್ಣ ಸಾಮರ್ಥ್ಯ, ಕೊನೆಗೆ ತಟಸ್ಥೀಕರಣದ ಸಮಯ–ತಾಪಮಾನ. ಪ್ರತಿ ಕಾಲಂನ ತಲೆಯಲ್ಲಿ ಏಕಮಾನ. ಗ್ರಾಫ್, ಲೆಕ್ಕ, ಫಲಿತಾಂಶ, ಚರ್ಚೆ ಅದರ ಹಿಂದೆ. ಲೆಕ್ಕದಲ್ಲಿ ಬರುವ ಪ್ರತಿ ಅಂಕಿಯ ಪಕ್ಕ ಅದು ಯಾವ ಕೋಷ್ಟಕದ್ದೆಂದು ಗುರುತು ಹಾಕು. ಹಾಗೆ ಮಾಡಿದ್ದರೆ 44.5 ಮತ್ತು 0.96 ಅನಾಥವಾಗಿರುವುದು ನಿನಗೇ ಕಾಣುತ್ತಿತ್ತು. ಚರ್ಚೆ ಅರ್ಧ ಪುಟ ಮೀರದಿರಲಿ.

ಈಗ 20ಕ್ಕೆ 9 ಕೊಟ್ಟಿದ್ದೇನೆ, ಎಲ್ಲವೂ ಅಳತೆಗಳಿಗೆ. ಮುಂದಿನ ಗುರುವಾರದ ಲ್ಯಾಬ್‌ಗೆ ಬರುವಾಗ ಹೊಸ ರಿಪೋರ್ಟ್ ತಾ, ಹಳೆಯ ಏಳು ಪುಟಗಳನ್ನು ಅದರ ಹಿಂದೆ ಪಿನ್ ಮಾಡಿರು. ಅಂಕಿಗಳನ್ನು ಮೂಲದೊಂದಿಗೆ ತಾಳೆ ನೋಡುತ್ತೇನೆ. ಪ್ರಯೋಗವನ್ನು ಮತ್ತೆ ಮಾಡುವ ಅಗತ್ಯವಿಲ್ಲ. ಮೇಲಿನ ನನ್ನ ಲೆಕ್ಕವನ್ನು ನಕಲು ಮಾಡಬೇಡ: ನಿನ್ನ ಹೊಸ ಗ್ರಾಫಿನಿಂದ ΔT ತೆಗೆದು ಮಾಡು, 6.1 ಬಂದರೆ 6.1 ಎಂದೇ ಬರೆ. ರೇಖೆ ಎಳೆಯುವಲ್ಲಿ ತೊಡಕಾದರೆ ಬುಧವಾರ ಮಧ್ಯಾಹ್ನ ಮೂರರ ನಂತರ ಬ್ಯಾಲೆನ್ಸ್ ರೂಮಿನ ಹತ್ತಿರ ಇರುತ್ತೇನೆ, ಗ್ರಾಫ್ ಶೀಟ್ ಹಿಡಿದು ಬಾ.

ಇಂತಿ,
ನಿನ್ನ ಪ್ರಯೋಗಾಲಯ ಬೋಧಕಿ,
ರಸಾಯನಶಾಸ್ತ್ರ ವಿಭಾಗ