ಟೊಮೆಟೊ ತೊಕ್ಕು ಶುರು ಮಾಡುವ ಪ್ರಸ್ತಾವ

ದಿನಾಂಕ: 9 ಜೂನ್ 2025
ಇವರಿಗೆ: ಮಾಲೀಕರು ಮತ್ತು ಲೆಕ್ಕಪತ್ರ ವಿಭಾಗ
ಇವರಿಂದ: ಉತ್ಪಾದನಾ ಮೇಲ್ವಿಚಾರಕಿ, ಉಪ್ಪಿನಕಾಯಿ ಘಟಕ, ಶ್ರೀನಿವಾಸಪುರ

ಸರ್,

ಮಾವಿನ ಸೀಸನ್ ಮುಗಿದ ಮೇಲೆ ನಮ್ಮ ಒಲೆಗಳು ಹೆಚ್ಚು ಕಡಿಮೆ ಖಾಲಿ. 14 ಹೆಣ್ಮಕ್ಕಳಿಗೆ ವಾರಕ್ಕೆ ಮೂರು ದಿನ ಕೆಲಸ ಸಿಕ್ಕರೆ ಜಾಸ್ತಿ. ಅದೇ ಹೊತ್ತಲ್ಲಿ ಕೋಲಾರದ ಮಾರ್ಕೆಟ್‌ಗೆ ಟೊಮೆಟೊ ಬಂದು ಬೀಳುತ್ತೆ. ರೇಟ್ ಬಿದ್ದ ದಿನ ರೈತರಿಗೆ ಗಾಡಿ ಬಾಡಿಗೆಯೂ ಹುಟ್ಟಲ್ಲ. ಅದಕ್ಕೇ ತೊಕ್ಕು ಮಾಡೋಣ ಅಂತ ಕೇಳುತ್ತಿದ್ದೇನೆ. ಬೆಳ್ಳುಳ್ಳಿ ಹಾಕಿದ್ದು ಒಂದು, ಹಾಕದ್ದು ಒಂದು, 300 ಗ್ರಾಂ ಗಾಜಿನ ಬಾಟಲಿಯಲ್ಲಿ.

ಕಳೆದ ವಾರ 30 ಕೆಜಿ ಹಣ್ಣು ಬೇಯಿಸಿ ನೋಡಿದೆವು. ಹೈಬ್ರಿಡ್ ಹಣ್ಣೊಂದೇ ಹಾಕಿದಾಗ ನೀರು ಬಿಡುತ್ತಲೇ ಇತ್ತು, ಹುಳಿಯೂ ಸಾಲದು. ನಾಟಿ ಹಣ್ಣು, ಸ್ವಲ್ಪ ಹುಣಸೆ ಸೇರಿಸಿದ ಮೇಲೆ ಸರಿಹೋಯಿತು. ಮೂರು ಗಂಟೆ ಬೆಂದ ಮೇಲೆ ಬಾಣಲೆ ಅಂಚಿನಲ್ಲಿ ಕೆಂಪಗೆ ಎಣ್ಣೆ ಬಿಟ್ಟಿತು, ಸೌಟಿಗೆ ಹಿಡಿದುಕೊಂಡಿತು. ಮಸಾಲೆ, ಎಣ್ಣೆ ಸೇರಿ ಏಳೂವರೆ ಕೆಜಿ, ಅಂದರೆ 25 ಬಾಟಲಿ. ಮಾರೋ ಮುಂಚೆ ಲ್ಯಾಬ್ ಟೆಸ್ಟ್ ಆಗಲೇಬೇಕು.

ಬಂಡವಾಳ: ಪಲ್ಪರ್ 1.4 ಲಕ್ಷ, ಸ್ಟೀಮ್ ಕಡಾಯಿ ಮತ್ತು ಬಾಯ್ಲರ್ 3.6 ಲಕ್ಷ, ಬಾಟಲಿ ತುಂಬುವ, ಮುಚ್ಚಳ ಹಾಕುವ ಮೆಷಿನ್ 1.5 ಲಕ್ಷ, ವೈರಿಂಗ್, ಚರಂಡಿ, ಲ್ಯಾಬ್, ಲೈಸೆನ್ಸ್ 1.3 ಲಕ್ಷ. ಒಟ್ಟು 7.8 ಲಕ್ಷ. ಸರಕು ಕೊಳ್ಳಲು ಕೈಯಲ್ಲಿ ಇನ್ನೂ 4.2 ಲಕ್ಷ ಇರಬೇಕು.

ಬಾಟಲಿಗೆ ಖರ್ಚು: 1.2 ಕೆಜಿ ಟೊಮೆಟೊ, ಕೆಜಿಗೆ 12 ರೂಪಾಯಿಯಂತೆ 14.40. ಎಣ್ಣೆ, ಮೆಣಸಿನಪುಡಿ, ಉಳಿದ ಸಾಮಾನು 15. ಬಾಟಲಿ, ಲೇಬಲ್ 14. ಕೂಲಿ 8, ಉರುವಲು ಮತ್ತು ಕರೆಂಟ್ 4, ಸಾಗಾಣಿಕೆ 3. ಒಟ್ಟು 58.40. ಅಂಗಡಿಯವರಿಗೆ 84ಕ್ಕೆ ಕೊಟ್ಟರೆ 25.60 ಉಳಿಯುತ್ತೆ. ಇದರಲ್ಲಿ ಮಾರಾಟದ ಹುಡುಗನ ಸಂಬಳ, ಓಡಾಟಕ್ಕೆ ತಿಂಗಳಿಗೆ 40,000 ಹೋಗುತ್ತೆ.

ಭಯ ಇರೋದು ಹಣ್ಣಿನ ರೇಟಿನದ್ದು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ದಾಟಿದ್ದು ನಾವೇ ನೋಡಿದ್ದೇವೆ ಅಲ್ವಾ? ಮೇಲಿನ ಲೆಕ್ಕ 180ರ ಬಾಕ್ಸಿಗೆ. 375ಕ್ಕೆ ಬಂದರೆ ತಿಂಗಳಿಗೆ 4,000 ಬಾಟಲಿ ಹೋದರೂ ಲಾಭ ಸೊನ್ನೆ. ಹಾಗಾಗಿ 250 ದಾಟಿದ ದಿನ ಒಲೆ ಹಚ್ಚುವುದು ಬೇಡ. ರೇಟ್ ಕಮ್ಮಿ ಇದ್ದಾಗ ಮಾಡಿಟ್ಟ ಸ್ಟಾಕ್ ಮಾರೋಣ. ಈ ಶಿಸ್ತು ತಪ್ಪಿದರೆ ಉಳಿದ ಲೆಕ್ಕವೆಲ್ಲ ಸುಮ್ನೆ.

ಜುಲೈನಲ್ಲಿ ಮೆಷಿನ್ ಆರ್ಡರ್, ಆಗಸ್ಟ್‌ನಲ್ಲಿ ಜೋಡಣೆ ಮತ್ತು ಲೈಸೆನ್ಸ್, ಸೆಪ್ಟೆಂಬರ್‌ನಲ್ಲಿ ಟ್ರಯಲ್, ಅಕ್ಟೋಬರ್‌ಗೆ ಅಂಗಡಿಗೆ. ಮೊದಲ ಮೂರು ತಿಂಗಳು ತಿಂಗಳಿಗೆ 2,000 ಬಾಟಲಿ ಮಾತ್ರ ಹಿಡಿದಿದ್ದೇನೆ, ತಿಂಗಳಿಗೆ 11,200 ಉಳಿತಾಯ. ಜನವರಿಯಿಂದ 4,000 ಹೋದರೆ 62,400. ಹೀಗೆ 2026ರ ಡಿಸೆಂಬರ್ ಹೊತ್ತಿಗೆ ಮೆಷಿನ್ ದುಡ್ಡು ವಾಪಸ್. ಸಣ್ಣ ಆಹಾರ ಘಟಕಗಳಿಗೆ ಸರ್ಕಾರ ಕೊಡುವ ಪಿಎಂಎಫ್‌ಎಂಇ ಸಬ್ಸಿಡಿಯನ್ನು ಇದರಲ್ಲಿ ಸೇರಿಸಿಲ್ಲ, ಅದು ಬ್ಯಾಂಕ್ ಸಾಲ ಆದರೆ ಮಾತ್ರ ಸಿಗೋದು.

ಜೂನ್ 20ರೊಳಗೆ ಒಪ್ಪಿಗೆ ಕೊಟ್ಟರೆ ಕಡಾಯಿಗೆ ಮುಂಗಡ ಕಟ್ಟಬಹುದು. ಟ್ರಯಲ್ ತೊಕ್ಕಿನ ಎರಡು ಬಾಟಲಿ ನಿಮ್ಮ ಮೇಜಿನ ಮೇಲಿಟ್ಟಿದ್ದೇನೆ. ಮಧ್ಯಾಹ್ನ ಮುದ್ದೆ ಜೊತೆ ತಿಂದು ನೋಡಿ, ಉಪ್ಪು ಖಾರ ಹೇಗಿದೆ ಹೇಳಿ ಸರ್.