ಉಪನಯನದ ಗುಂಪು ಫೋಟೋ: ಪ್ರಿಂಟಿಗೆ ಕಳಿಸುವ ಮುಂಚೆ

ತಮ್ಮಾ,

ಮನೆಯವರೆಲ್ಲ ಸೇರಿದ ಐದೂ ಫ್ರೇಮನ್ನು, DSC_0413ರಿಂದ DSC_0417ರವರೆಗೆ, ಒಂದೊಂದು ಮುಖವನ್ನೂ 100% ಝೂಮ್ ಮಾಡಿ ನೋಡಿದೆ. 0416ನ್ನು ಬುಡಕ್ಕೆ ಇಟ್ಟುಕೊಂಡು ಕೆಲಸ ಮಾಡು. ವಟು, ಅಪ್ಪ, ಅಮ್ಮ ಮೂವರೂ ಅದರಲ್ಲಿ ಚೆನ್ನಾಗಿ ಬಂದಿದ್ದಾರೆ, ಜಗಲಿಯ ಮೇಲೆ ನಿಂತ ಹಿಂದಿನ ಸಾಲಿನವರೆಗೂ ಫೋಕಸ್ ಇದೆ. ಆದರೆ ಇದ್ದ ಹಾಗೇ ಪ್ರಿಂಟ್ ಮಾಡಿಸಬೇಡ. ಕೆಳಗೆ ಎಡ, ಬಲ ಅಂದದ್ದೆಲ್ಲ ಫೋಟೋ ನೋಡುವವರ ಕಡೆಯಿಂದ.

ಮೊದಲು ಕಣ್ಣು. 0416ರಲ್ಲಿ ಮೂವರದ್ದು ಮುಚ್ಚಿದೆ: ಕುರ್ಚಿ ಸಾಲಿನ ಎಡದಿಂದ ಮೂರನೆಯ ಅಜ್ಜ, ನಿಂತ ಸಾಲಿನ ಏಳನೆಯ ಅತ್ತೆ, ನೆಲದ ಮೇಲೆ ಕೂತ ಸಣ್ಣ ಹುಡುಗಿ. ಅಜ್ಜನದ್ದು ಪೂರ್ತಿ ಮುಚ್ಚಿಲ್ಲ, ಅರ್ಧಕ್ಕೆ ಇಳಿದಿದೆ. ದೊಡ್ಡ ಪ್ರಿಂಟಿನಲ್ಲಿ ಅದು ಜ್ವರ ಬಂದವರ ಮುಖದಂತೆ ಕಾಣುತ್ತದೆ. ಅಜ್ಜನಿಗೂ ಹುಡುಗಿಗೂ 0414ರಲ್ಲಿ ಒಳ್ಳೆಯ ಮುಖ ಇದೆ. ಪಕ್ಕದಲ್ಲೇ ಕೂತ ಅಜ್ಜಿಯ ಕನ್ನಡಕದಲ್ಲಿ 0416ರಲ್ಲಿ ಅಂಗಳದ ಬೆಳಕು ಬಿಳಿ ಪಟ್ಟಿಯಾಗಿ ಕೂತಿದೆ; 0414ರಲ್ಲಿ ಅವರು ಗಲ್ಲ ಸ್ವಲ್ಪ ಇಳಿಸಿದ್ದರಿಂದ ಎರಡೂ ಕಣ್ಣು ಕಾಣುತ್ತವೆ. ಅವರ ತಲೆಯನ್ನೂ ಅಲ್ಲಿಂದಲೇ ತಾ.

ಬರೀ ಕಣ್ಣು ಕತ್ತರಿಸಿ ಅಂಟಿಸಬೇಡ. ರೆಪ್ಪೆ ತೆರೆದಾಗ ಹುಬ್ಬು, ಕೆನ್ನೆ ಎರಡೂ ಅಲುಗಿರುತ್ತವೆ, ಹಾಗಾಗಿ ನೋಟ ಎತ್ತಲೋ ಹೋಗುತ್ತದೆ. ಟ್ರೈಪಾಡ್ ಮೇಲೆ ತೆಗೆದಿದ್ದೀಯಲ್ಲ, ಎರಡೂ ಫೈಲನ್ನು ಫೋಟೋಶಾಪಿನಲ್ಲಿ ಒಂದೇ ಸ್ಟ್ಯಾಕಿಗೆ ಹಾಕಿ Edit > Auto-Align Layers ಕೊಟ್ಟು, ತಲೆ ಪೂರ್ತಿ ತೆಗೆದುಕೋ. ಮಾಸ್ಕಿನ ಅಂಚು ಕೂದಲ ಹೊರಗೆ ಹೋಗಿ, ಕೆಳಗೆ ಶಲ್ಯದ ಅಂಚಿನಲ್ಲೋ ಸೀರೆ ಸೆರಗಿನಲ್ಲೋ ಮುಗಿಯಲಿ. ಕುತ್ತಿಗೆಯ ನಡುವೆ ಮುಗಿಸಿದರೆ ಚರ್ಮದ ಬಣ್ಣ ಕೂಡುವುದಿಲ್ಲ.

ಅತ್ತೆಯದ್ದು ಕಷ್ಟ. ಐದರಲ್ಲಿ ಒಂದರಲ್ಲೂ ಕಣ್ಣು ಸರಿಯಾಗಿ ತೆರೆದಿಲ್ಲ. ಊಟದ ಹೊತ್ತಿನ ಫೋಟೋದಿಂದ ಅವರ ಮುಖ ತಂದು ಕೂರಿಸುವ ಆಸೆ ಬಂದೀತು, ಬೇಡ. ಬೆಳಕು ಬಂದ ದಿಕ್ಕೇ ಬೇರೆ. 0415ರಲ್ಲಿ ಅವರು ಕೆಳಗಿನ ಮಗುವನ್ನು ನೋಡಿ ನಗುತ್ತಿದ್ದಾರೆ. ರೆಪ್ಪೆ ಇಳಿದಿದ್ದರೂ ಕಣ್ಣು ಮುಚ್ಚಿದಂತೆ ಅನಿಸುವುದಿಲ್ಲ, ಮಗುವನ್ನು ನೋಡುತ್ತಿರುವುದು ತಿಳಿಯುತ್ತದೆ. ಅದನ್ನು ಹಾಕಿ, ಅವರಿಗೇ ಒಮ್ಮೆ ತೋರಿಸು.

ಇನ್ನು ಅಂಚು. ಬಲತುದಿಯ ಹುಡುಗನ ಮೊಣಕೈ, ಎಡತುದಿಯ ಕುರ್ಚಿಯವರ ಕಾಲ್ಬೆರಳು ಫ್ರೇಮಿನ ಹೊರಗೆ ಹೋಗಿವೆ. ವಟುವಿನ ದಂಡದ ತುದಿಯೂ ಮೇಲಂಚಿಗೆ ತಾಗಿದೆ. ಪುಣ್ಯಕ್ಕೆ 0413 ನೀನು 24 ಎಂಎಂನಲ್ಲಿ ತೆಗೆದಿದ್ದೀಯ, ಉಳಿದವು 28. ಕ್ಯಾಮೆರಾ ಜಾಗ ಬದಲಾಗಿಲ್ಲ, ಹಾಗಾಗಿ 0413ನ್ನು ಸುಮಾರು 117%ಗೆ ಹಿಗ್ಗಿಸಿದರೆ 0416ರ ಸುತ್ತ ಹೊಂದಿಕೊಳ್ಳುತ್ತದೆ. ಮೂರೂ ಅಲ್ಲಿ ಪೂರ್ತಿ ಇವೆ. ಕಾಲ್ಬೆರಳಿನ ಹತ್ತಿರ ರಂಗೋಲಿಯ ಒಂದು ಬಳ್ಳಿ ಹಾದಿದೆ. ಆ ಗೆರೆ ಜೋಡಣೆಯಲ್ಲಿ ಒಂದು ಕೂದಲೆಳೆ ತಪ್ಪಿದರೂ ಗೊತ್ತಾಗುತ್ತದೆ, ಮೊದಲು ಅದನ್ನೇ ಕೂಡಿಸಿಕೋ.

ಫ್ರೇಮ್ ಕಟ್ಟುವಾಗ ಮರದ ಪಟ್ಟಿಯ ಅಡಿಗೆ ಪ್ರತಿ ಬದಿಯಲ್ಲೂ ಸುಮಾರು 5 ಮಿಲಿಮೀಟರ್ ಮುಚ್ಚಿಹೋಗುತ್ತದೆ. 12×18ರಲ್ಲಿ ಮೊಣಕೈಯಿಂದ ಅಂಚಿಗೆ ಅರ್ಧ ಇಂಚಾದರೂ ಉಳಿಸು. ನೆಂಟರಿಗೆ 8×10 ಕೇಳಿದ್ದಾರೆ ಅಂದೆಯಲ್ಲ, ಅದಕ್ಕೆ ಒಪ್ಪಬೇಡ. ಅಗಲದ ಆರನೇ ಒಂದು ಪಾಲು ಹೋಗಿ ಎರಡೂ ತುದಿಯವರು ಅರ್ಧ ಆಗುತ್ತಾರೆ. 8×12 ಮಾಡಿಸು.

ಬೆಳಕಿನದ್ದೇ ದೊಡ್ಡ ಕೆಲಸ. ಚಪ್ಪರದ ಸೋಗೆ ಎಡಗಡೆ ತೆಳ್ಳಗಿದೆ, ಅಲ್ಲಿನ ನಾಲ್ವರ ಮುಖದ ಮೇಲೆ ಬಿಸಿಲಿನ ಚುಕ್ಕೆ ಬಿದ್ದಿದೆ. ಎರಡನೆಯವರ ಹಣೆಯಲ್ಲಿ ರೂಪಾಯಿ ನಾಣ್ಯದಷ್ಟು ಜಾಗ ಪೂರಾ ಬಿಳಿ. NEF ಫೈಲಿನಲ್ಲಿ ಹೈಲೈಟ್ ಇಳಿಸಿ ನೋಡಿದರೂ ಅಲ್ಲಿ ಚರ್ಮ ಸಿಗಲಿಲ್ಲ, ಬರೀ ಬೂದು ಬಣ್ಣ ಬಂತು. 0417ರ ಹೊತ್ತಿಗೆ ಮೋಡ ಅಡ್ಡ ಬಂದಿತ್ತು. ಆ ನಾಲ್ವರನ್ನು ಸೊಂಟದಿಂದ ಮೇಲೆ ಅಲ್ಲಿಂದ ತಂದು, ಎಕ್ಸ್‌ಪೋಷರ್ ಏರಿಸಿ ಪಕ್ಕದವರಿಗೆ ಸರಿಹೊಂದಿಸು. ಮೋಡದ ಬೆಳಕು ನೀಲಿಗೆ ವಾಲಿರುತ್ತದೆ, ಟೆಂಪರೇಚರನ್ನೂ ಸ್ವಲ್ಪ ಹಳದಿಯ ಕಡೆಗೆ ತರಬೇಕು.

ಜಗಲಿಯ ಸಾಲು ಮುಂದಿನವರಿಗಿಂತ ಒಂದೂವರೆ ಸ್ಟಾಪ್ ಕತ್ತಲೆ. ಮಾಸ್ಕ್ ಹಾಕಿ +0.8ರಷ್ಟು ಎತ್ತು, ಸಾಕು. ಪೂರ್ತಿ ಸಮ ಮಾಡಲು ಹೋದರೆ ಕಪ್ಪು ಕೂದಲಲ್ಲಿ ನಾಯ್ಸ್ ಏಳುತ್ತದೆ, ಮಾಡಿನ ಕೆಳಗಿನ ನೆರಳೂ ಸುಳ್ಳಾಗಿ ಕಾಣುತ್ತದೆ. ಬಲಗಡೆ ಹಸಿರು ನೆಟ್ ಕಟ್ಟಿದ ಜಾಗದ ಐದಾರು ಮುಖಕ್ಕೆ ಹಸಿರು ಛಾಯೆ ಇದೆ; ಅವಕ್ಕೆ ಮಾತ್ರ ಟಿಂಟ್ ಮೆಜೆಂಟಾ ಕಡೆಗೆ ಸರಿಸು. ಪಂಚೆಯ ಬಿಳಿ ನೋಡಿಕೊಂಡು ಮಾಡಿದರೆ ಅಳತೆ ತಪ್ಪುವುದಿಲ್ಲ.

ಎಲ್ಲ ಆದ ಮೇಲೆ ಪೂರ್ತಿ ಫೋಟೋದ ಒಂದು 4×6, ಜೊತೆಗೆ ದೊಡ್ಡ ಪ್ರಿಂಟಿನ ಅಳತೆಯಲ್ಲೇ ಮೂರು ತುಂಡು ತೆಗೆಸು: ಎಡತುದಿ, ಅಜ್ಜಿಯ ಮುಖ, ಜಗಲಿಯ ನಡುಭಾಗ. ಮ್ಯಾಟ್ ಕಾಗದದ ಮೇಲೆ ಕತ್ತಲೆ ಸ್ಕ್ರೀನಿಗಿಂತ ಗಾಢವಾಗಿ ಕೂರುತ್ತದೆ. ತುಂಡುಗಳನ್ನು ಕಿಟಕಿಯ ಬೆಳಕಿನಲ್ಲಿ ನೋಡು, ಟ್ಯೂಬ್‌ಲೈಟಿನಡಿ ಬೇಡ. ಅವನ್ನು ಗುರುವಾರದ ಒಳಗೆ ನನ್ನ ಕೈಗೆ ಮುಟ್ಟಿಸು, ನೋಡಿ ಹೇಳಿದ ಮೇಲೆ 12×18ರ ಎರಡೂ ಪ್ರತಿ ಹಾಕಿಸೋಣ.